ಹೊಸ ಆವೃತ್ತಿ ಬಂತು, ಹಳೆಯದು ಎಲ್ಲಿ ಹೋಯ್ತು? ನಿಯಂತ್ರಿತ ಡಾಕ್ಯುಮೆಂಟ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬ್‌ಗಳಲ್ಲಿ, ಕಾರ್ಖಾನೆಗಳಲ್ಲಿ ಡಾಕ್ಯುಮೆಂಟ್ ಕಂಟ್ರೋಲ್ ನೋಡಿಕೊಳ್ಳುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ಪರೀಕ್ಷಾ ಲ್ಯಾಬ್ ಒಂದರ ತೇವಾಂಶ ಪರೀಕ್ಷೆಯ ಎಸ್‌ಒಪಿ, ಅಂದರೆ ಆ ಪರೀಕ್ಷೆಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಗೆ ಮಾಡಬೇಕು ಅಂತ ಹೇಳುವ ಡಾಕ್ಯುಮೆಂಟ್. ನಾನು ಹಿಂದೆ ಕೆಲಸ ಮಾಡಿದ ಜಾಗದಲ್ಲಿ ನಡೆದದ್ದೇ ಇದು. ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆ, ದಿನಾಂಕಗಳನ್ನು ಮಾತ್ರ ಸರಳ ಮಾಡಿದ್ದೇನೆ.

ಆ ಎಸ್‌ಒಪಿಯ 3ನೇ ಆವೃತ್ತಿ ಹೀಗಿತ್ತು: 5 ಗ್ರಾಂ ಸ್ಯಾಂಪಲ್ ಅನ್ನು 105 ಡಿಗ್ರಿ ಓವನ್‌ನಲ್ಲಿ 3 ಗಂಟೆ ಇಡಿ, ತಣ್ಣಗಾದ ಮೇಲೆ ತೂಕ ಮಾಡಿ. 4ನೇ ಆವೃತ್ತಿಯಲ್ಲಿ ಅದು ಬದಲಾಯಿತು: 3 ಗಂಟೆ ಆದ ಮೇಲೆ ತೂಕ ಮಾಡಿ, ಮತ್ತೆ 1 ಗಂಟೆ ಇಟ್ಟು ತೂಕ ಮಾಡಿ, ಎರಡು ತೂಕಗಳ ನಡುವಿನ ವ್ಯತ್ಯಾಸ 2 ಮಿಲಿಗ್ರಾಂಗಿಂತ ಕಡಿಮೆ ಆಗುವವರೆಗೂ ಹೀಗೇ ಮುಂದುವರಿಸಿ. ಕೆಲವು ಸ್ಯಾಂಪಲ್‌ಗಳು 3 ಗಂಟೆಯಲ್ಲಿ ಪೂರ್ತಿ ಒಣಗುತ್ತಿರಲಿಲ್ಲ, ಅದೇ ಈ ಬದಲಾವಣೆಗೆ ಕಾರಣ.

## ಶುರುವಿನ ಪ್ರಶ್ನೆಗಳು

ನಮ್ಮಲ್ಲಿರೋ ಎಲ್ಲ ಕಾಗದಕ್ಕೂ ನಂಬರ್, ಸಹಿ, ದಿನಾಂಕ ಬೇಕಾ?

ಬೇಡ. ಕಾಗದ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರ ಹಳೆಯ ಪ್ರತಿ ನೋಡಿಕೊಂಡು ಯಾರಾದರೂ ಕೆಲಸ ಮಾಡಿದರೆ ಫಲಿತಾಂಶ ತಪ್ಪಾಗುತ್ತದೆಯೇ? ಆಗುತ್ತದೆ ಅಂದರೆ ಅದು ನಿಯಂತ್ರಣಕ್ಕೆ ಬರಬೇಕು. ತೇವಾಂಶ ಪರೀಕ್ಷೆಯ ಎಸ್‌ಒಪಿ ಬರಬೇಕು. ಮೀಟಿಂಗ್‌ಗೆ ಕರೆಯುವ ಪತ್ರ ಬೇಕಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಏನು ಮಾಡಬೇಕು ಅಂತ ಹೇಳುವುದು ಡಾಕ್ಯುಮೆಂಟ್. ಏನು ಮಾಡಿದೆವು ಅಂತ ಹೇಳುವುದು ರೆಕಾರ್ಡ್. ಖಾಲಿ ಫಾರಂ ಡಾಕ್ಯುಮೆಂಟ್, ಹಾಗಾಗಿ ಅದಕ್ಕೆ ಆವೃತ್ತಿ ಬೇಕು. ಅದನ್ನು ತುಂಬಿ ಸಹಿ ಹಾಕಿದ ಕ್ಷಣ ಅದು ರೆಕಾರ್ಡ್. ಆಮೇಲೆ ಅದಕ್ಕೆ ಹೊಸ ಆವೃತ್ತಿ ಅನ್ನುವುದೇ ಇಲ್ಲ. ತುಂಬಾ ಜನ ಎಸ್‌ಒಪಿಯನ್ನು ಜೋಪಾನ ಮಾಡುತ್ತಾರೆ, ಖಾಲಿ ಫಾರಂ ಮರೆತುಬಿಡುತ್ತಾರೆ. ಅದು ಎಷ್ಟು ದುಬಾರಿಯಾಗುತ್ತದೆ ಅಂತ ಮುಂದೆ ಹೇಳುತ್ತೇನೆ.

ನಂಬರ್ ಹೇಗೆ ಕೊಡೋದು? ವಿಭಾಗ, ವರ್ಷ, ಮೆಷಿನ್ ಎಲ್ಲ ನಂಬರಿನಲ್ಲೇ ಬರಬೇಕಾ?

ನಂಬರ್ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ನಮ್ಮ ಎಸ್‌ಒಪಿಯ ನಂಬರ್ `QC-SOP-014`. ಯಾವ ಕೆಲಸದ್ದು, ಎಂಥ ಡಾಕ್ಯುಮೆಂಟ್, ಎಷ್ಟನೆಯದು. ಇಷ್ಟು ಸಾಕು.

ವರ್ಷ, ಮೆಷಿನ್, ಕೋಣೆ ಇವನ್ನೆಲ್ಲ ನಂಬರಿಗೆ ತುರುಕಿದರೆ ಮೊದಲ ಎರಡು ವರ್ಷ ಚೆನ್ನಾಗಿ ಕಾಣುತ್ತದೆ. ಆಮೇಲೆ ಓವನ್ ಬೇರೆ ಕೋಣೆಗೆ ಹೋಗುತ್ತದೆ, ಇಲ್ಲವೇ ವಿಭಾಗದ ಹೆಸರು ಬದಲಾಗುತ್ತದೆ. ಆಗ ನಂಬರ್ ಸುಳ್ಳು ಹೇಳತೊಡಗುತ್ತದೆ. ಅದನ್ನು ಬದಲಿಸೋಣ ಅಂದರೆ ಆ ನಂಬರನ್ನು ಉಲ್ಲೇಖಿಸಿದ ಬೇರೆ ಡಾಕ್ಯುಮೆಂಟ್‌ಗಳನ್ನೆಲ್ಲ ಬದಲಿಸಬೇಕು.

ಎರಡು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಆವೃತ್ತಿ ನಂಬರಿನ ಭಾಗ ಆಗಬಾರದು, ಪಕ್ಕದಲ್ಲಿ ಬೇರೆಯಾಗಿ ಇರಬೇಕು. ಯಾಕೆಂದರೆ ನಂಬರ್ ಜನ್ಮಪೂರ್ತಿ ಒಂದೇ, ಬದಲಾಗುವುದು ಆವೃತ್ತಿ. ಎರಡನೆಯದು, ರದ್ದಾದ ಡಾಕ್ಯುಮೆಂಟಿನ ನಂಬರನ್ನು ಇನ್ಯಾವುದಕ್ಕೂ ಕೊಡಬಾರದು. ಐದು ವರ್ಷದ ಹಿಂದಿನ ರೆಕಾರ್ಡಿನಲ್ಲಿ "014ರ ಪ್ರಕಾರ ಮಾಡಲಾಗಿದೆ" ಅಂತ ಇದ್ದರೆ, ಆ 014 ಯಾವುದು ಅನ್ನುವ ಅನುಮಾನ ಯಾರಿಗೂ ಬರಬಾರದು.

1.1, 1.2 ಅಂತ ಹಾಕೋದಾ, ಸುಮ್ನೆ 01, 02 ಸಾಕಾ?

01, 02 ಸಾಕು. ಪಾಯಿಂಟ್ ಇಟ್ಟ ತಕ್ಷಣ "ಇದು ಸಣ್ಣ ಬದಲಾವಣೆ, ಪೂರ್ತಿ ಅನುಮೋದನೆ ಬೇಡ" ಅನ್ನುವ ಮಾತು ಹಿಂದೆಯೇ ಬರುತ್ತದೆ. ಸಣ್ಣದು ಯಾವುದು ಅಂತ ಯಾರು ತೀರ್ಮಾನಿಸುತ್ತಾರೆ? 105 ಅನ್ನುವುದು 150 ಆದರೆ ಬದಲಾಗಿದ್ದು ಬರೀ ಎರಡು ಅಂಕಿಗಳ ಜಾಗ, ಆದರೆ ಸ್ಯಾಂಪಲ್ ಸುಟ್ಟೇ ಹೋಗಬಹುದು. ಕಾಗುಣಿತದ ತಪ್ಪು ಮಾತ್ರ ಇದ್ದರೆ ಪಟ್ಟಿ ಮಾಡಿಟ್ಟುಕೊಂಡು ಮುಂದಿನ ಆವೃತ್ತಿಯಲ್ಲಿ ತಿದ್ದಿ.

ಕರಡು ಹಂತದಲ್ಲಿ ಮಾತ್ರ ಪಾಯಿಂಟ್ ಉಪಯೋಗಕ್ಕೆ ಬರುತ್ತದೆ. 03 ಜಾರಿಯಲ್ಲಿದ್ದಾಗ ಹೊಸದನ್ನು ಬರೆಯುತ್ತಿದ್ದರೆ ಅದನ್ನು 03.1, 03.2 ಅನ್ನಿ, ಪ್ರತಿ ಪುಟದಲ್ಲೂ "ಕರಡು" ಅಂತ ದಪ್ಪ ಅಕ್ಷರದಲ್ಲಿ ಇರಲಿ. ಅನುಮೋದನೆ ಆದ ಮೇಲೆ ಅದು 04. ಆಗ ಪಾಯಿಂಟ್ ಇರುವ ಕಾಗದ ಬೆಂಚಿನ ಮೇಲೆ ಕಂಡರೆ ಓದದೆಯೇ ತಪ್ಪು ಅಂತ ಗೊತ್ತಾಗುತ್ತದೆ.

ಮೊದಲ ಪುಟದಲ್ಲಿ ಇದ್ದರೆ ಸಾಲದಾ, ಪ್ರತಿ ಪುಟದಲ್ಲೂ ಯಾಕೆ?

ಕಾಗದ ಒಟ್ಟಿಗೇ ಇರುತ್ತದೆ ಅಂತ ನಂಬುವ ಹಾಗಿಲ್ಲ. ಪಿನ್ ಬಿಚ್ಚುತ್ತದೆ, ಬೇಕಾದ ಒಂದೇ ಹಾಳೆಯನ್ನು ಜನ ಕಿತ್ತುಕೊಂಡು ಹೋಗುತ್ತಾರೆ. ಪ್ರತಿ ಪುಟದ ತಲೆಯಲ್ಲಿ ಇಷ್ಟಿರಲಿ:

```
QC-SOP-014   ಆವೃತ್ತಿ: 04
ಜಾರಿ ದಿನಾಂಕ: 17-03-2025
ಪುಟ 3 / 6
```

ಬರೀ "ಪುಟ 3" ಅಂದರೆ ಸಾಲದು, "6ರಲ್ಲಿ 3" ಅಂತಲೇ ಇರಬೇಕು. ಕೊನೆಯ ಹಾಳೆ ಕಳೆದುಹೋಗಿದ್ದರೆ ಗೊತ್ತಾಗುವುದು ಇದೊಂದರಿಂದಲೇ. ಬದಲಾದ ಒಂದೇ ಪುಟಕ್ಕೆ ಹೊಸ ಆವೃತ್ತಿ ಕೊಟ್ಟು ಉಳಿದ ಪುಟಗಳನ್ನು ಹಾಗೇ ಬಿಡುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ನನ್ನ ಸಲಹೆ ಕೇಳಿದರೆ, ಬಿಟ್ಟುಬಿಡಿ. ನಾಲ್ಕು ಪುಟ 03, ಎರಡು ಪುಟ 04 ಇರುವ ಕಟ್ಟು ಸರಿ ಇದೆಯೋ ಬೆರಕೆಯಾಗಿದೆಯೋ ಅಂತ ಕೆಲಸದ ಮಧ್ಯೆ ಯಾರಿಗೂ ತಿಳಿಯುವುದಿಲ್ಲ.

## ಸಹಿ

ಮೂರು ಸಹಿ ಯಾಕೆ? ಒಬ್ಬರೇ ಬರೆದು ಒಬ್ಬರೇ ಸಹಿ ಹಾಕಿದರೆ ಏನಾಗುತ್ತೆ?

ಮೂರು ಸಹಿಗೂ ಮೂರು ಬೇರೆ ಅರ್ಥ ಇದೆ. ಬರೆದವರ ಸಹಿ "ಕೆಲಸ ನಡೆಯುವುದು ಹೀಗೆ" ಅನ್ನುತ್ತದೆ. ಪರಿಶೀಲಿಸಿದವರ ಸಹಿ "ನಾನು ಓದಿದೆ, ಇದನ್ನು ನೋಡಿಕೊಂಡು ಮಾಡಲು ಆಗುತ್ತದೆ" ಅನ್ನುತ್ತದೆ. ಅನುಮೋದಿಸಿದವರ ಸಹಿ "ಇದನ್ನು ಜಾರಿ ಮಾಡಿ, ಹೊಣೆ ನನ್ನದು" ಅನ್ನುತ್ತದೆ. ಗುಣಮಟ್ಟ ನಿರ್ವಹಣೆಯ ಸ್ಟ್ಯಾಂಡರ್ಡ್ ಐಎಸ್‌ಒ 9001 ಮೂರೇ ಸಹಿ ಬೇಕು ಅಂತ ಎಲ್ಲೂ ಹೇಳುವುದಿಲ್ಲ. ಡಾಕ್ಯುಮೆಂಟ್ ಸರಿಯಾಗಿದೆ, ಸಾಕಷ್ಟಿದೆ ಅನ್ನುವುದರ ಪರಿಶೀಲನೆ ಮತ್ತು ಅನುಮೋದನೆ ಆಗಿರಬೇಕು ಅನ್ನುತ್ತದೆ, ಅಷ್ಟೇ. ಚಿಕ್ಕ ಜಾಗದಲ್ಲಿ ಇಬ್ಬರೇ ಇದ್ದರೆ ಎರಡು ಸಹಿ ಸಾಕು. ಆದರೆ ಬರೆದವರೇ ಅನುಮೋದಿಸಬಾರದು. ತಾನೇ ಬರೆದಿದ್ದನ್ನು ಓದುವಾಗ ಕಣ್ಣು ಬಿಟ್ಟುಹೋದ ಸಾಲನ್ನು ತಾನೇ ತುಂಬಿಕೊಂಡುಬಿಡುತ್ತದೆ.

ನಡುವಿನ ಸಹಿಯೇ ಜಾಸ್ತಿ ಪೊಳ್ಳಾಗುವುದು. ನಮ್ಮ 04ರ ಕರಡನ್ನು ಪರಿಶೀಲಿಸಿದ ಸಹೋದ್ಯೋಗಿ ಅದನ್ನು ಮೇಜಿನ ಹತ್ತಿರ ಕೂತು ಓದಲಿಲ್ಲ. ಓವನ್ ಪಕ್ಕ ನಿಂತು, ಒಂದು ಕೈಯಲ್ಲಿ ಕರಡು ಹಿಡಿದು, ಸಾಲು ಸಾಲಾಗಿ ಮಾಡಿ ನೋಡಿದರು. ಮೊದಲ ತೂಕ ಆದ ಮೇಲೆ ಬಟ್ಟಲನ್ನು ಮತ್ತೆ ಓವನ್‌ಗೆ ಇಡುವಾಗ ಮುಚ್ಚಳ ತೆಗೆಯಬೇಕು ಅನ್ನುವ ಮಾತೇ ಕರಡಿನಲ್ಲಿ ಇರಲಿಲ್ಲ. ಮುಚ್ಚಳ ಹಾಗೇ ಇದ್ದರೆ ನೀರು ಹೊರಗೆ ಹೋಗುವುದಿಲ್ಲ, ತೂಕ ಇಳಿಯುವುದಿಲ್ಲ, ಒಣಗಿದೆ ಅಂತಲೇ ಅಂದುಕೊಳ್ಳುತ್ತೇವೆ. ಪರಿಶೀಲನೆಯ ಸಹಿ ಅಂದರೆ ಇದು.

ಸಾಹೇಬರು ರಜೆಯಲ್ಲಿದ್ದಾರೆ. ಬಂದ ಮೇಲೆ ಹಿಂದಿನ ದಿನಾಂಕ ಹಾಕಿ ಸಹಿ ಮಾಡಿಸಬಹುದಾ?

ಖಂಡಿತ ಬೇಡ. ಸಹಿಯ ಪಕ್ಕದ ದಿನಾಂಕ ಅಂದರೆ ಪೆನ್ನು ಕಾಗದಕ್ಕೆ ತಾಗಿದ ದಿನ, ಬೇರೇನೂ ಅಲ್ಲ. ಹಾಜರಿ ಪುಸ್ತಕದಲ್ಲಿ ರಜೆ, ಡಾಕ್ಯುಮೆಂಟಿನಲ್ಲಿ ಸಹಿ ಇದ್ದರೆ ಆ ಒಂದು ಸಹಿ ಮಾತ್ರ ಅಲ್ಲ, ನಿಮ್ಮ ಎಲ್ಲ ಸಹಿಗಳ ಮೇಲೂ ಅನುಮಾನ ಬರುತ್ತದೆ.

ದಾರಿ ಸುಲಭ ಇದೆ. ಅವರು ಇಲ್ಲದಾಗ ಯಾರು ಅನುಮೋದಿಸಬಹುದು ಅಂತ ಮೊದಲೇ ಬರೆದಿಡಿ. ಆ ಬದಲಿ ವ್ಯಕ್ತಿ ತಮ್ಮ ಹೆಸರಿನಲ್ಲೇ, ಅವತ್ತಿನ ದಿನಾಂಕ ಹಾಕಿ ಸಹಿ ಮಾಡಲಿ. ಕಂಪ್ಯೂಟರ್ ಸಹಿಗೂ ಇದೇ ಮಾತು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ತಂದ "ಪಾರ್ಟ್ 11" ನಿಯಮ ಎಲೆಕ್ಟ್ರಾನಿಕ್ ಸಹಿಯ ಜೊತೆ ಮೂರು ವಿಷಯ ಕಾಣಬೇಕು ಅನ್ನುತ್ತದೆ: ಸಹಿ ಮಾಡಿದವರ ಹೆಸರು, ದಿನಾಂಕ ಮತ್ತು ಸಮಯ, ಸಹಿಯ ಅರ್ಥ. ಸ್ಕ್ಯಾನ್ ಮಾಡಿದ ಸಹಿಯ ಚಿತ್ರವನ್ನು ಅಂಟಿಸಿದರೆ ಈ ಮೂರೂ ಸಿಗುವುದಿಲ್ಲ. ಆ ಚಿತ್ರ ಯಾರ ಕೈಯಲ್ಲಿದ್ದರೂ ಅಂಟಿಸಬಹುದು ಅಲ್ವಾ?

## ದಿನಾಂಕ

ಅನುಮೋದನೆ ದಿನಾಂಕ ಇದ್ದಮೇಲೆ ಜಾರಿ ದಿನಾಂಕ ಬೇರೆ ಯಾಕೆ?

ಕಾಗದ ತಯಾರಾಗುವುದು ಬೇರೆ, ಜನ ತಯಾರಾಗುವುದು ಬೇರೆ. 04ಕ್ಕೆ ಕೊನೆಯ ಸಹಿ ಬಿದ್ದಿದ್ದು ಮಾರ್ಚ್ 3ಕ್ಕೆ. ಅದೇ ಅನುಮೋದನೆ ದಿನಾಂಕ. ಜಾರಿ ದಿನಾಂಕ ಮಾರ್ಚ್ 17. ನಡುವಿನ 14 ದಿನಗಳಲ್ಲಿ ಎರಡೂ ಪಾಳಿಯವರಿಗೆ ತರಬೇತಿ ಕೊಡಬೇಕಿತ್ತು, ಹೊಸ ಫಾರಂ ಅಚ್ಚು ಹಾಕಿಸಬೇಕಿತ್ತು. ಒಂದೇ ಸ್ಯಾಂಪಲ್‌ಗೆ ಓವನ್ ಈಗ ಹೆಚ್ಚು ಹೊತ್ತು ಬೇಕಾಗುವುದರಿಂದ ದಿನದ ಸರದಿಯನ್ನೂ ಮತ್ತೆ ಹಾಕಬೇಕಿತ್ತು. 14 ಅನ್ನುವುದು ಎಲ್ಲರಿಗೂ ನಿಯಮ ಅಲ್ಲ. ನಿಮ್ಮ ಕಡೆಯ ಪಾಳಿಯ ಕಡೆಯ ವ್ಯಕ್ತಿಗೆ ತರಬೇತಿ ಮುಗಿಯಲು ಎಷ್ಟು ದಿನ ಬೇಕೋ ಅಷ್ಟು.

ಆ 14 ದಿನವೂ ಜಾರಿಯಲ್ಲಿರುವುದು 03 ಮಾತ್ರ. ಹೊಸದು ಚೆನ್ನಾಗಿದೆ ಅಂತ ಮಾರ್ಚ್ 10ಕ್ಕೇ ಯಾರಾದರೂ ಶುರು ಮಾಡಿದರೆ ಅದೂ ತಪ್ಪೇ. ಅದಕ್ಕೇ ಹೊಸ ಪ್ರತಿಗಳನ್ನು ಬೆಂಚಿಗೆ ಮೊದಲೇ ಕಳಿಸಬೇಡಿ. ತರಬೇತಿಗೆ "ತರಬೇತಿಗೆ ಮಾತ್ರ" ಎಂಬ ಮುದ್ರೆ ಇರುವ ಪ್ರತಿ ಕೊಟ್ಟು, ಮುಗಿದ ತಕ್ಷಣ ವಾಪಸ್ ಪಡೆಯಿರಿ.

ಅಪಾಯದ ತಪ್ಪು ಸಿಕ್ಕಿದರೂ ಹದಿನಾಲ್ಕು ದಿನ ಕಾಯೋದಾ?

ಇಲ್ಲ. ಅನುಮೋದನೆ ಮತ್ತು ಜಾರಿ ಒಂದೇ ದಿನ ಆಗಬಹುದು. ಹಾಗೆ ಮಾಡುವಾಗ ಮೊದಲು ಹಳೆಯ ಪ್ರಕಾರ ನಡೆಯುತ್ತಿರುವ ಕೆಲಸ ನಿಲ್ಲಿಸಿ, ಆ ಪಾಳಿಯವರಿಗೆ ಹೇಳಿಕೊಟ್ಟು ಸಹಿ ಪಡೆಯಿರಿ, ಆಮೇಲೆ ಶುರು ಮಾಡಿ. ಮುಂದಿನ ಪಾಳಿ ಬಂದಾಗ ಮತ್ತೆ ಅದೇ ಕೆಲಸ. ಹಳೆಯ ಪ್ರತಿಯ ಮೇಲೆ ಪೆನ್ನಿನಲ್ಲಿ ಗೀಚಿ ತಿದ್ದಬೇಡಿ. ಒಂದು ಪ್ರತಿಯಲ್ಲಿ ತಿದ್ದಿ ಉಳಿದ ನಾಲ್ಕರಲ್ಲಿ ಮರೆತರೆ, ಒಂದೇ ನಂಬರ್, ಒಂದೇ ಆವೃತ್ತಿ, ಆದರೆ ಎರಡು ವಿಧಾನ ಇದ್ದಂತಾಯಿತು.

16ರ ರಾತ್ರಿ ಓವನ್‌ಗೆ ಇಟ್ಟ ಸ್ಯಾಂಪಲ್ 17ಕ್ಕೆ ಹೊರಬಂದರೆ ಯಾವ ಆವೃತ್ತಿ?

ಯಾವುದು ಅಂತ ಮೊದಲೇ ಬರೆದಿಟ್ಟಿದ್ದೀರೋ ಅದು. ಬದಲಾವಣೆಯ ಟಿಪ್ಪಣಿಯಲ್ಲಿ ಒಂದು ಸಾಲು ಸಾಕು: "17ರ ಬೆಳಗಿನ ಪಾಳಿಯಿಂದ ಶುರುವಾಗುವ ಪರೀಕ್ಷೆಗಳಿಗೆ ಆವೃತ್ತಿ 04, ಅದಕ್ಕೂ ಮೊದಲು ಶುರುವಾದವು 03ರಲ್ಲೇ ಮುಗಿಯಲಿ." ಬರೆಯದೇ ಬಿಟ್ಟರೆ ರಾತ್ರಿ ಎರಡು ಗಂಟೆಗೆ ಒಬ್ಬೊಬ್ಬರು ಒಂದೊಂದು ರೀತಿ ತೀರ್ಮಾನ ಮಾಡುತ್ತಾರೆ.

## ಹಳೆಯ ಪ್ರತಿಗಳು

ಹಳೆ ಪ್ರತಿಗಳನ್ನು ವಾಪಸ್ ಪಡೆಯೋದು ಹೇಗೆ? ಮೇಲ್ ಕಳಿಸಿದರೆ ಸಾಕಾ?

"ಹಳೆಯದನ್ನು ನಾಶ ಮಾಡಿ" ಅಂತ ಮೇಲ್ ಕಳಿಸಿದರೆ ನೀವು ಮೇಲ್ ಕಳಿಸಿದ್ದಕ್ಕೆ ಮಾತ್ರ ಪುರಾವೆ ಸಿಗುತ್ತದೆ. ಪ್ರತಿ ಹೋಯಿತು ಅನ್ನುವುದಕ್ಕಲ್ಲ.

ಕೆಲಸ ನಿಜವಾಗಿ ಶುರುವಾಗುವುದು ಪ್ರತಿ ಕೊಡುವ ದಿನವೇ. 03ರ ಐದು ನಿಯಂತ್ರಿತ ಪ್ರತಿಗಳಿದ್ದವು. ಒಂದೊಂದಕ್ಕೂ ಕೆಂಪು ಶಾಯಿಯ ಮುದ್ರೆ, ಪ್ರತಿ ಸಂಖ್ಯೆ 1ರಿಂದ 5, ಯಾರಿಗೆ ಕೊಟ್ಟಿದ್ದು, ಎಲ್ಲಿ ಇಟ್ಟಿದ್ದು, ಪಡೆದವರ ಸಹಿ, ಎಲ್ಲ ವಿತರಣಾ ಪಟ್ಟಿಯಲ್ಲಿತ್ತು. ಮಾರ್ಚ್ 17ರ ಬೆಳಿಗ್ಗೆ ಪಾಳಿ ಶುರುವಾಗುವ ಮೊದಲು ನಾನು 04ರ ಐದು ಪ್ರತಿ ಹಿಡಿದು ಹೊರಟೆ. ನಿಯಮ ಒಂದೇ: ಹಳೆಯದು ಕೈಗೆ ಬಂದರೆ ಹೊಸದು ಕೈಗೆ. ವಾಪಸ್ ಬಂದದ್ದನ್ನು ಪುಟ ಎಣಿಸಿ ತೆಗೆದುಕೊಂಡೆ. ಎಣಿಸದೆ ಬಿಟ್ಟಿದ್ದರೆ ಒಂದರಲ್ಲಿ 6 ಪುಟದ ಬದಲು 5 ಇದ್ದದ್ದು ಗೊತ್ತೇ ಆಗುತ್ತಿರಲಿಲ್ಲ. ಆರನೆಯ ಪುಟ ತಕ್ಕಡಿಯ ಕೆಳಗೆ ಸಿಕ್ಕಿತು. ಲೆಕ್ಕದ ಸೂತ್ರ ಇದ್ದ ಪುಟ ಅದು.

ಮಧ್ಯಾಹ್ನದ ಹೊತ್ತಿಗೆ ಐದಕ್ಕೆ ಐದೂ ಬಂದವು. ಅವನ್ನು ನಾಶ ಮಾಡಿ, ದಿನಾಂಕ ಬರೆದು ಸಹಿ ಹಾಕಿದೆವು. ಮೂಲ ಪ್ರತಿಯ ಪ್ರತಿ ಪುಟಕ್ಕೂ "ಬಳಕೆಯಲ್ಲಿಲ್ಲ" ಮುದ್ರೆ ಹೊಡೆದು ಬೇರೆ ಬೀರುವಿನಲ್ಲಿಟ್ಟೆವು.

ಒಂದು ಪ್ರತಿ ಸಿಗದೇ ಹೋದರೆ ಪಟ್ಟಿಯಲ್ಲಿ "ಸಿಕ್ಕಿಲ್ಲ" ಅಂತಲೇ ಬರೆಯಿರಿ, ಪಡೆದವರ ವಿವರಣೆ ತೆಗೆದುಕೊಳ್ಳಿ, ಹುಡುಕುತ್ತಲೇ ಇರಿ. ಪಟ್ಟಿ ಚೆಂದ ಕಾಣಲಿ ಅಂತ "ನಾಶವಾಗಿದೆ" ಅಂತ ಬರೆದರೆ ಆಮೇಲೆ ಅದನ್ನು ಹುಡುಕುವವರೇ ಇರುವುದಿಲ್ಲ.

ಪಟ್ಟಿಯಲ್ಲಿದ್ದ ಎಲ್ಲ ಪ್ರತಿ ಬಂದವು. ಆದರೂ ಹಳೆಯದು ಎಲ್ಲಿಂದ ಬರುತ್ತೆ?

ಪಟ್ಟಿಯಲ್ಲಿ ಇಲ್ಲದ ಕಡೆಯಿಂದ. ಏಪ್ರಿಲ್ 9ಕ್ಕೆ ಕೈಗವಸು ತೆಗೆಯಲು ಓವನ್ ಪಕ್ಕದ ಬೀರು ತೆರೆದೆ. ಬಾಗಿಲ ಒಳಬದಿಯಲ್ಲಿ, ಸೆಲೋಟೇಪು ಹಳದಿಯಾಗಿ ಅಂಚು ಸುರುಳಿಯಾದ ಒಂದು ಹಾಳೆ ಇತ್ತು. 03ರ ನಾಲ್ಕನೇ ಪುಟ. ಮುದ್ರೆ ಕಪ್ಪಾಗಿತ್ತು, ಅಂದರೆ ಜೆರಾಕ್ಸ್. ಅದರ ಕೆಳಗಿನ ಡ್ರಾಯರ್‌ನಲ್ಲಿ ಹಳೆಯ ಖಾಲಿ ಫಾರಂಗಳ ಒಂದು ಕಟ್ಟು.

ಯಾರೂ ಕೆಟ್ಟದ್ದು ಮಾಡಬೇಕು ಅಂತ ಮಾಡಿರಲಿಲ್ಲ. ನಿಯಂತ್ರಿತ ಪ್ರತಿ ಇದ್ದದ್ದು ಮೇಲ್ವಿಚಾರಕರ ಕೋಣೆಯಲ್ಲಿ, ರಾತ್ರಿ ಅದಕ್ಕೆ ಬೀಗ. ಓವನ್ ಮುಂದೆ ನಿಂತವರಿಗೆ ಕಣ್ಣೆದುರು ಒಂದು ಹಾಳೆ ಬೇಕಿತ್ತು. ಜೆರಾಕ್ಸ್ ಎಲ್ಲಿ ಕಂಡರೂ ನಾನು ಈಗ ಮೊದಲು ಕೇಳುವುದು, ಇಲ್ಲಿ ಪ್ರತಿ ಯಾಕೆ ಕೊಟ್ಟಿಲ್ಲ ಅಂತ. ನಾವು ಓವನ್ ಪಕ್ಕಕ್ಕೇ ಆರನೆಯ ನಿಯಂತ್ರಿತ ಪ್ರತಿ ಕೊಟ್ಟೆವು. ಆಮೇಲೆ ಆ ಬಾಗಿಲ ಮೇಲೆ ಹಾಳೆ ಬರಲಿಲ್ಲ.

ಕೆಂಪು ಮುದ್ರೆಗೆ ಒಂದು ಮಿತಿ ಇದೆ. ಕಲರ್ ಜೆರಾಕ್ಸ್‌ನಲ್ಲಿ ಅದೂ ಕೆಂಪಾಗಿಯೇ ಬರುತ್ತದೆ. ಆಗ ಪ್ರತಿ ಸಂಖ್ಯೆಯೇ ದಿಕ್ಕು: ಒಂದೇ ಸಂಖ್ಯೆಯ ಎರಡು ಪ್ರತಿ ಕಂಡರೆ ಒಂದು ಜೆರಾಕ್ಸ್.

## ಸ್ವಲ್ಪ ಆಳದ ಪ್ರಶ್ನೆಗಳು

ಹಳೆ ಆವೃತ್ತಿಯಲ್ಲಿ ಕೆಲಸ ನಡೆದುಹೋಗಿದೆ ಅಂತ ಗೊತ್ತಾದರೆ ಏನು ಮಾಡೋದು?

ಹಾಳೆ ಕಿತ್ತು ಹಾಕಿದರೆ ಮುಗಿಯುವುದಿಲ್ಲ. ಮಾರ್ಚ್ 17ರಿಂದ ಏಪ್ರಿಲ್ 9ರವರೆಗೆ ಯಾವ ಯಾವ ಫಲಿತಾಂಶ ಹಳೆಯ ವಿಧಾನದಲ್ಲಿ ಬಂದಿದೆ ಅಂತ ಕಂಡುಹಿಡಿಯಬೇಕು. ನಮಗೆ ಕೈ ಹಿಡಿದದ್ದು ಫಾರಂ. ಹಳೆಯ ಫಾರಂನಲ್ಲಿ ಒಣಗಿದ ಮೇಲಿನ ತೂಕಕ್ಕೆ ಒಂದೇ ಕಾಲಂ, ಹೊಸದರಲ್ಲಿ ನಾಲ್ಕು. ಕೆಳಗೆ ಫಾರಂನ ಆವೃತ್ತಿಯೂ ಇತ್ತು. ಆ ಅವಧಿಯ 62 ಪರೀಕ್ಷೆಗಳ ಹಾಳೆ ತಿರುವಿದಾಗ 11 ಹಳೆಯ ಫಾರಂನಲ್ಲಿದ್ದವು. ಎಲ್ಲವೂ ರಾತ್ರಿ ಪಾಳಿಯವು. ಖಾಲಿ ಫಾರಂಗೆ ಆವೃತ್ತಿ ಇರದೇ ಹೋಗಿದ್ದರೆ ಅಷ್ಟೂ 62ರ ಮೇಲೆ ಅನುಮಾನ ಪಡಬೇಕಿತ್ತು.

ಮುಂದಿನ ಪ್ರಶ್ನೆ, ವ್ಯತ್ಯಾಸ ಎಷ್ಟು ಅನ್ನುವುದು. ಆ 11 ಸ್ಯಾಂಪಲ್‌ಗಳ ಉಳಿದ ಭಾಗ ಗಾಳಿ ಆಡದ ಬಾಟಲಿಗಳಲ್ಲಿ ಇತ್ತು, ಹಾಗಾಗಿ ಮರುಪರೀಕ್ಷೆ ಸಾಧ್ಯವಾಯಿತು. ಒಂದರ ಲೆಕ್ಕ ನೋಡಿ. 5.000 ಗ್ರಾಂ ಸ್ಯಾಂಪಲ್, 3 ಗಂಟೆ ಆದ ಮೇಲೆ 4.560 ಗ್ರಾಂ. ಹೋಗಿದ್ದು 0.440 ಗ್ರಾಂ, ತೇವಾಂಶ ಶೇ 8.8. ಮಿತಿ ಶೇ 9.0, ಪಾಸ್. 04ರ ಪ್ರಕಾರ ಮುಂದುವರಿಸಿದಾಗ 4 ಗಂಟೆಗೆ 4.541, 5 ಗಂಟೆಗೆ 4.540. ಕಡೆಯ ವ್ಯತ್ಯಾಸ 1 ಮಿಲಿಗ್ರಾಂ, ಇಲ್ಲಿಗೆ ನಿಲ್ಲಿಸಬಹುದು. ಹೋಗಿದ್ದು 0.460 ಗ್ರಾಂ, ತೇವಾಂಶ ಶೇ 9.2. ಫೇಲ್.

ಹನ್ನೊಂದರಲ್ಲಿ ಹೀಗೆ ತಿರುಗಿದ್ದು ಎರಡು. ಆ ಎರಡು ವರದಿಗಳನ್ನು ತಿದ್ದಿ, ಯಾವ ವರದಿಯ ಬದಲಿಗೆ, ಯಾವ ಕಾರಣಕ್ಕೆ ಅಂತ ಬರೆದು ಹೊಸದಾಗಿ ಕೊಟ್ಟೆವು. ಗ್ರಾಹಕರಿಗೆ ಫೋನ್ ಮಾಡಿ ಹೇಳಿದೆವು. ಉಳಿದ ಒಂಬತ್ತರಲ್ಲಿ ಪಾಸ್-ಫೇಲ್ ಬದಲಾಗಲಿಲ್ಲ, ಆದರೆ ವರದಿಯಾದ ಅಂಕಿ ಅಷ್ಟಿಷ್ಟು ಕಡಿಮೆಯಿತ್ತು. ಅವನ್ನೂ ತಿದ್ದಿದೆವು, ಯಾಕೆಂದರೆ ವರದಿಯಲ್ಲಿ ಆವೃತ್ತಿ 04 ಅಂತ ಅಚ್ಚಾಗಿತ್ತು.

ಎಲ್ಲ ಕಂಪ್ಯೂಟರಿನಲ್ಲೇ ಇಟ್ಟರೆ ಈ ತಲೆನೋವೇ ಇರಲ್ಲ ಅಲ್ವಾ?

ಅರ್ಧ ತಲೆನೋವು ಹೋಗುತ್ತದೆ. ಸರ್ವರಿನಲ್ಲಿ ಜಾರಿಯಲ್ಲಿರುವ ಒಂದೇ ಆವೃತ್ತಿ ಕಾಣುವಂತೆ ಮಾಡಬಹುದು, ಜಾರಿ ದಿನಾಂಕದ ಬೆಳಿಗ್ಗೆ ಹಳೆಯದು ತಾನೇ ಮರೆಯಾಗುವಂತೆಯೂ ಮಾಡಬಹುದು. ಉಳಿದರ್ಧ ಅಂದರೆ ಡೌನ್‌ಲೋಡ್ ಮತ್ತು ಪ್ರಿಂಟ್. ಯಾರದೋ ಡೆಸ್ಕ್‌ಟಾಪಿನಲ್ಲಿ `QC-SOP-014_v03_final_new.pdf` ಕೂತಿದ್ದರೆ ಅದೂ ಬೀರುವಿನ ಬಾಗಿಲ ಹಾಳೆಯೇ.

ಎರಡು ಉಪಾಯ ಕೆಲಸ ಮಾಡುತ್ತವೆ. ಫೈಲನ್ನು ಮೇಲ್‌ನಲ್ಲಿ ಲಗತ್ತಿಸಬೇಡಿ, ಕೊಂಡಿ ಮಾತ್ರ ಕಳಿಸಿ. ಆ ಕೊಂಡಿಯಲ್ಲಿ ಆವೃತ್ತಿ ಇರಬಾರದು, ಒತ್ತಿದರೆ ಯಾವಾಗಲೂ ಜಾರಿಯಲ್ಲಿರುವುದೇ ತೆರೆಯಬೇಕು. ಪ್ರಿಂಟ್ ತೆಗೆದರೆ ಅಡಿಯಲ್ಲಿ ತೆಗೆದ ದಿನಾಂಕ ಮತ್ತು "ಈ ದಿನಕ್ಕೆ ಮಾತ್ರ" ಅಂತ ತಾನಾಗಿಯೇ ಬೀಳಲಿ. ನಿನ್ನೆಯ ದಿನಾಂಕ ಇರುವ ಹಾಳೆ ಬೆಂಚಿನ ಮೇಲೆ ಇದ್ದರೆ ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ.

ಹಳೆ ಆವೃತ್ತಿಯ ಮೂಲ ಪ್ರತಿ ಎಷ್ಟು ವರ್ಷ ಇಡಬೇಕು?

ಆ ಆವೃತ್ತಿಯ ಪ್ರಕಾರ ನಡೆದ ಕೆಲಸದ ರೆಕಾರ್ಡ್ ಎಷ್ಟು ವರ್ಷ ಇರುತ್ತದೋ ಕಡೇಪಕ್ಷ ಅಷ್ಟು. ರೆಕಾರ್ಡ್ "014, ಆವೃತ್ತಿ 03" ಅನ್ನುವಾಗ 03ರಲ್ಲಿ ಏನಿತ್ತು ಅಂತ ತೋರಿಸಲು ಆಗದಿದ್ದರೆ ಆ ರೆಕಾರ್ಡಿಗೆ ಅರ್ಥವೇ ಇಲ್ಲ. ಐಎಸ್‌ಒ 9001 ಇಷ್ಟೇ ವರ್ಷ ಅಂತ ಹೇಳುವುದಿಲ್ಲ. ವೈದ್ಯಕೀಯ ಉಪಕರಣಗಳ ಐಎಸ್‌ಒ 13485 ಮಾತ್ರ ಉಪಕರಣದ ಬಾಳಿಕೆಯ ಅವಧಿಗೆ ಕಟ್ಟಿಹಾಕುತ್ತದೆ: ಉಪಕರಣವನ್ನು ತಯಾರಿಸಿದ, ಪರೀಕ್ಷಿಸಿದ ಡಾಕ್ಯುಮೆಂಟ್ ಕಡೇಪಕ್ಷ ಆ ಬಾಳಿಕೆಯಷ್ಟು ಕಾಲ ಸಿಗುವಂತಿರಬೇಕು.

ಹೊರಗಿನಿಂದ ಬಂದ ಸ್ಟ್ಯಾಂಡರ್ಡ್, ಮೆಷಿನ್ ಮ್ಯಾನ್ಯುಯಲ್‌ಗೂ ಇದೆಲ್ಲ ಬೇಕಾ?

ಅವುಗಳ ಆವೃತ್ತಿಯನ್ನು ನೀವು ಬದಲಿಸಲು ಆಗುವುದಿಲ್ಲ, ಅನುಮೋದನೆಯ ಸಹಿಯೂ ನಿಮ್ಮದಲ್ಲ. ಆದರೆ ನಿಮ್ಮ ಬಳಿ ಇರುವುದು ಯಾವ ವರ್ಷದ್ದು, ಹೊಸದು ಬಂದಿದೆಯೇ ಅಂತ ನೋಡುವವರು ಯಾರು, ಎಷ್ಟು ತಿಂಗಳಿಗೊಮ್ಮೆ ನೋಡುತ್ತಾರೆ, ಇಷ್ಟು ಪಟ್ಟಿಯಲ್ಲಿರಲಿ. ಹೊಸದು ಬಂದಾಗ ಅದನ್ನು ಉಲ್ಲೇಖಿಸಿದ ನಿಮ್ಮ ಎಸ್‌ಒಪಿಗಳನ್ನು ಒಂದೊಂದಾಗಿ ತೆರೆದು ನೋಡಬೇಕು. ನಮ್ಮ 014 ಆವೃತ್ತಿ 05 ಆದದ್ದು ಹಾಗೆಯೇ. ಆ ಸಲ ಪ್ರತಿಗಳನ್ನು ಹಿಡಿದು ಹೊರಟವರು ಮೊದಲು ತೆರೆದಿದ್ದು ಬೀರುವಿನ ಬಾಗಿಲನ್ನು.